ಆಯುಧ ಪೂಜೆಯ ಒಂದು ಫೋಟೋ, ನೇಮಕಾತಿ ಪತ್ರದ ಒಂದು ಷರತ್ತು

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ನಾನು ಎಚ್‌ಆರ್ ನೋಡಿಕೊಳ್ಳುತ್ತಿದ್ದಾಗ ನಡೆದದ್ದು. ಆಯುಧ ಪೂಜೆಯ ದಿನ ಸಿಎನ್‌ಸಿ ಆಪರೇಟರ್ ಹುಡುಗನೊಬ್ಬ ತನ್ನ ಮೆಷಿನ್ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಸಂಜೆ ಫೇಸ್‌ಬುಕ್‌ಗೆ ಹಾಕಿದ. ಅವನ ಹಿಂದಿನ ಬೋರ್ಡ್‌ನಲ್ಲಿ ಕಸ್ಟಮರ್‌ನ ಡ್ರಾಯಿಂಗ್ ಪಿನ್ ಮಾಡಿತ್ತು. ಜೂಮ್ ಮಾಡಿದರೆ ಪಾರ್ಟ್ ನಂಬರ್, ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋ ಒಂದೆರಡು ಟಾಲರೆನ್ಸ್ ಚೆನ್ನಾಗಿ ಓದಬಹುದಿತ್ತು. ಮೂರನೇ ದಿನ ಆ ಕಸ್ಟಮರ್ ಕಡೆಯಿಂದ ಫೋನ್ ಬಂತು.

ನಾವು ಹೇಳಿದ ತಕ್ಷಣ ಹುಡುಗ ಫೇಸ್‌ಬುಕ್‌ನಿಂದ ಫೋಟೋ ತೆಗೆದುಹಾಕಿದ. "ಮೇಡಂ, ಪೂಜೆ ಫೋಟೋ ಹಾಕಿದ್ದು ತಪ್ಪಾ?" ಅಂದ. ಅವನ ಕಣ್ಣಲ್ಲಿ ನೀರಿತ್ತು.

ಮ್ಯಾನೇಜ್‌ಮೆಂಟ್‌ಗೆ ಗಾಬರಿ. ವಾರದೊಳಗೆ ಹೊಸ ಷರತ್ತಿನ ಕರಡು ನನ್ನ ಮೇಜಿಗೆ ಬಂತು. ಕಂಪನಿಗೆ ಸಂಬಂಧಿಸಿದ ಯಾವ ವಿಷಯವನ್ನೂ ಯಾವ ಮಾಧ್ಯಮದಲ್ಲೂ ಹಂಚಬಾರದು. ಕಂಪನಿಯ ಹೆಸರಿಗೆ ಧಕ್ಕೆ ತರುವ ಏನನ್ನೂ ಬರೆಯಬಾರದು. ಎಲ್ಲರೂ ಎಚ್‌ಆರ್ ಖಾತೆಯನ್ನು ಫ್ರೆಂಡ್ ಮಾಡಿಕೊಳ್ಳಬೇಕು, ಕೇಳಿದಾಗ ಫೋನ್ ತೋರಿಸಬೇಕು. ತಪ್ಪಿದರೆ 5 ಲಕ್ಷ ದಂಡ.

ನಾನು ಸಹಿ ಹಾಕಿಸಲ್ಲ ಅಂದೆ. ಇದು ಮರುಕದ ಮಾತಾಗಿರಲಿಲ್ಲ. ಈ ಷರತ್ತು ಡ್ರಾಯಿಂಗನ್ನೂ ಕಾಪಾಡಲ್ಲ ಅನ್ನೋದೇ ನನ್ನ ವಾದ. ಆವತ್ತಿಗೂ ಇವತ್ತಿಗೂ ಅದೇ.

"ಯಾವ ವಿಷಯವನ್ನೂ" ಅಂದ್ರೆ ಏನು? ಕ್ಯಾಂಟೀನ್ ಉಪ್ಪಿಟ್ಟೂ ಗುಟ್ಟು, ಡ್ರಾಯಿಂಗೂ ಗುಟ್ಟು. ಎಲ್ಲವೂ ಗುಟ್ಟು ಅಂದಾಗ ಯಾವುದನ್ನು ಜೋಪಾನ ಮಾಡಬೇಕು ಅಂತ ಆಪರೇಟರ್‌ಗೆ ತಿಳಿಯೋದೇ ಇಲ್ಲ. ನಮ್ಮ ದೇಶದಲ್ಲಿ ವ್ಯಾಪಾರದ ಗುಟ್ಟಿಗೆ ಅಂತಲೇ ಪ್ರತ್ಯೇಕ ಕಾಯ್ದೆ ಇಲ್ಲ. ಹೆಚ್ಚಾಗಿ ಒಪ್ಪಂದದ ಮಾತುಗಳ ಮೇಲೆಯೇ ನಿಲ್ಲಬೇಕು. ಕೋರ್ಟಿಗೆ ಹೋದರೆ ಯಾವುದು ಗುಟ್ಟು, ಅದನ್ನು ಗುಟ್ಟಾಗಿಡಲು ನೀವೇನು ಮಾಡಿದಿರಿ ಅಂತ ಕೇಳುತ್ತಾರೆ. ನಾವು ಮಾಡಿದ್ದೇನು? ಬೋರ್ಡ್‌ಗೆ ಬಿಚ್ಚಿ ಹಾಕಿದ್ದೆವು. ಅಷ್ಟೇ ಅಲ್ಲ, ನೈಟ್ ಶಿಫ್ಟ್ ಸೂಪರ್‌ವೈಸರ್ ಅದೇ ಡ್ರಾಯಿಂಗನ್ನು ಆಪರೇಟರ್‌ಗಳ ಸ್ವಂತ ವಾಟ್ಸಾಪ್‌ಗೆ ಕಳಿಸುತ್ತಿದ್ದರು. ಕಂಪನಿಯೇ ಕಾಗದವನ್ನು ಹುಡುಗರ ಜೇಬಿಗೆ ಹಾಕಿ, ಆಮೇಲೆ ಜೇಬು ತೋರಿಸು ಅನ್ನೋದು ಯಾವ ನ್ಯಾಯ?

ದಂಡದ ಮಾತೂ ಅಷ್ಟೇ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಒಪ್ಪಂದದಲ್ಲಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ ಸಿಗುತ್ತದೆ. 5 ಲಕ್ಷ ಅಂತ ಬರೆದರೆ ಹುಡುಗರು ಹೆದರುತ್ತಾರೆ, ಅಷ್ಟೇ. ಹೆದರಿದವರು ಮುಂದಿನ ಸಲ ತಪ್ಪಾದಾಗ ಬಂದು ಹೇಳಲ್ಲ, ಮುಚ್ಚಿಡುತ್ತಾರೆ.

ಹತ್ತು ದಿನ ಹಿಡಿದು ನಾವು ಬೇರೆ ಷರತ್ತು ಬರೆದೆವು. ಮೊದಲ ಸಾಲು ಹೀಗಿತ್ತು:

"ಕಸ್ಟಮರ್‌ನ ಡ್ರಾಯಿಂಗ್, ಪಾರ್ಟ್ ನಂಬರ್, ಪ್ರೋಸೆಸ್ ಶೀಟ್, ನಾವೇ ಮಾಡಿದ ಫಿಕ್ಸ್ಚರ್, ಕೊಟೇಶನ್ ದರ, ಇನ್ನೂ ಮಾರುಕಟ್ಟೆಗೆ ಬಾರದ ಪಾರ್ಟಿನ ಚಿತ್ರ - ಇವು ಗುಟ್ಟು. ಇವು ಕಾಣುವ ಫೋಟೋ, ವಿಡಿಯೋ, ಬರಹ ಯಾವುದನ್ನೂ ಹೊರಗಿನವರಿಗೆ ಕಳಿಸುವಂತಿಲ್ಲ, ಎಲ್ಲೂ ಹಾಕುವಂತಿಲ್ಲ."

ಅದರ ಬೆನ್ನಿಗೇ ಯಾವುದು ಗುಟ್ಟಲ್ಲ ಅಂತಲೂ ಬರೆದೆವು. ಈಗಾಗಲೇ ಎಲ್ಲರಿಗೂ ಗೊತ್ತಿರುವುದು, ಕೆಲಸಕ್ಕೆ ಸೇರುವ ಮೊದಲೇ ಗೊತ್ತಿದ್ದದ್ದು, ನಿಮ್ಮ ಕೈಯ ಕೆಲಸಗಾರಿಕೆ, ನಿಮ್ಮದೇ ಸಂಬಳ. ಕೈಯ ಕೆಲಸಗಾರಿಕೆ ಅನ್ನೋ ಮಾತಿಗೆ ನಾನು ಹಟ ಹಿಡಿದೆ. "ಫೈವ್ ಆಕ್ಸಿಸ್ ಮೆಷಿನ್ ನಾಲ್ಕು ವರ್ಷ ನಡೆಸಿದ್ದೇನೆ" ಅಂತ ಹುಡುಗ ಲಿಂಕ್ಡ್‌ಇನ್‌ನಲ್ಲಿ ಬರೆದರೆ ಅದು ಅವನ ಅನ್ನ. ಇಂಥ ಕಸ್ಟಮರ್‌ನ ಇಂಥ ಪಾರ್ಟ್ ಮಾಡಿದೆ ಅಂತ ಬರೆದರೆ ಅದು ಕಂಪನಿಯ ಗುಟ್ಟು. ಅದೇ ಕಾಯ್ದೆಯ 27ನೇ ಕಲಂ, ಯಾರನ್ನೇ ಆಗಲಿ ದುಡಿಯದಂತೆ ತಡೆಯುವ ಒಪ್ಪಂದವನ್ನು ಅಷ್ಟರಮಟ್ಟಿಗೆ ಅನೂರ್ಜಿತ ಅನ್ನುತ್ತದೆ. ಗುಟ್ಟಿನ ನೆಪದಲ್ಲಿ ಕೆಲಸ ಬಿಟ್ಟವನ ಕೈ ಕಟ್ಟಿಹಾಕಲು ಹೋದರೆ ಷರತ್ತೇ ಬಿದ್ದುಹೋಗುವ ಅಪಾಯ ಇದೆ.

ಇನ್ನು "ಹೆಸರಿಗೆ ಧಕ್ಕೆ". ಇದು ಎಲ್ಲಕ್ಕಿಂತ ಅಪಾಯದ ಮಾತು. ಓವರ್‌ಟೈಮ್ ದುಡ್ಡು ಬಂದಿಲ್ಲ ಅಂತ ಒಬ್ಬ ಬರೆದರೂ ಧಕ್ಕೆ, ಎಲೆಕ್ಷನ್ ಬಗ್ಗೆ ಬರೆದರೂ ಧಕ್ಕೆ ಅನ್ನಬಹುದು. ಆ ಸಾಲು ತೆಗೆದು ಎರಡೇ ಮಾತು ಇಟ್ಟೆವು. ಕಂಪನಿಯ ಪರವಾಗಿ ಮಾತಾಡುತ್ತಿದ್ದೇನೆ ಅಂತ ಯಾರೂ ತೋರಿಸಿಕೊಳ್ಳಬಾರದು. ಜೊತೆಯವರಿಗೆ ಬೆದರಿಕೆ, ಲೈಂಗಿಕ ಕಿರುಕುಳ ಮಾಡಬಾರದು. ಕೆಳಗೆ ದಪ್ಪ ಅಕ್ಷರದಲ್ಲಿ, ಕಾರ್ಮಿಕ ಇಲಾಖೆ, ಪೊಲೀಸ್, ಕೋರ್ಟ್, ನಮ್ಮ ಆಂತರಿಕ ದೂರು ಸಮಿತಿ, ಯೂನಿಯನ್ ಹತ್ತಿರ ಹೋಗುವುದಕ್ಕೆ ಈ ಷರತ್ತು ಅಡ್ಡಿಯಲ್ಲ ಅಂತ ಸೇರಿಸಿದೆವು.

ಜಾಸ್ತಿ ಜಗಳ ಆದದ್ದು ಫೋನ್ ವಿಷಯಕ್ಕೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳು ಹೇಳಿದರು. ಆ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿಗಳು. ಆ ತೀರ್ಪು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಕಂಪನಿಗೆ ಅದನ್ನು ನೇರವಾಗಿ ಅನ್ವಯಿಸೋದು ಸುಲಭ ಅಲ್ಲ. 2023ರ ಡೇಟಾ ಸಂರಕ್ಷಣಾ ಕಾಯ್ದೆಯೂ ವ್ಯಾಪಾರದ ಗುಟ್ಟು ಕಾಯಲು ಕೆಲಸಗಾರರ ಮಾಹಿತಿ ಬಳಸಿಕೊಳ್ಳಲು ಕಂಪನಿಗೆ ದಾರಿ ಬಿಟ್ಟಿದೆ. ನಮ್ಮ ವಕೀಲರು ಇದನ್ನೇ ತೋರಿಸಿದರು. ಆದರೆ ಡ್ರಾಯಿಂಗ್ ಕಾಯಲು ಒಬ್ಬನ ಹೆಂಡತಿಯ ಮೆಸೇಜು, ಮಗುವಿನ ಫೋಟೋ, ಡಾಕ್ಟರ ಚೀಟಿ ನೋಡಬೇಕಾಗಿಲ್ಲ, ಅಲ್ವಾ? ಕೊನೆಗೆ ಎಲ್ಲರೂ ಒಪ್ಪಿದ್ದು ಹೀಗೆ:

"ಸ್ವಂತ ಖಾತೆಯ ಪಾಸ್‌ವರ್ಡ್, ಸ್ವಂತ ಫೋನ್ ಕಂಪನಿ ಕೇಳುವುದಿಲ್ಲ. ಫ್ರೆಂಡ್ ಮಾಡಿಕೊಳ್ಳಿ ಅನ್ನುವುದಿಲ್ಲ. ಯಾರ ಖಾತೆಯನ್ನೂ ಸುಮ್ನೆ ಹುಡುಕಿ ನೋಡುವುದಿಲ್ಲ. ದೂರು ಬಂದರೆ ಆ ಒಂದು ಪೋಸ್ಟ್ ಮಾತ್ರ, ಇಬ್ಬರು ಕೂತು ನೋಡುತ್ತಾರೆ. ಕಂಪನಿ ಕೊಟ್ಟ ಕಂಪ್ಯೂಟರ್, ಇಮೇಲ್ ಮಾತ್ರ ತಪಾಸಣೆಗೆ ಒಳಪಡುತ್ತವೆ."

ತಪ್ಪಾದರೆ ಏನು ಅನ್ನೋದನ್ನೂ ಮೆಟ್ಟಿಲು ಮೆಟ್ಟಿಲಾಗಿ ಬರೆದೆವು. ಮೊದಲು ಪೋಸ್ಟ್ ತೆಗೆಸೋದು. ಆಮೇಲೆ ಅವನ ಮಾತು ಕೇಳೋದು. ಗೊತ್ತಿಲ್ಲದೆ ಆಗಿದ್ದರೆ ತಿಳಿಹೇಳಿ ಬಿಡೋದು. ದರದ ಪಟ್ಟಿಯನ್ನು ಬೇಕಂತಲೇ ಪ್ರತಿಸ್ಪರ್ಧಿಗೆ ಕಳಿಸಿದ್ದರೆ ಶಿಸ್ತುಕ್ರಮ. ಕೆಲಸ ಬಿಟ್ಟ ಮೇಲೆ ದರದ ಗುಟ್ಟು 2 ವರ್ಷ, ಡ್ರಾಯಿಂಗ್ ಗುಟ್ಟು ಅದು ಬಹಿರಂಗ ಆಗುವ ತನಕ. ಬಿಡುವ ದಿನ ಫೋನ್ ಕಿತ್ತುಕೊಳ್ಳೋದು ಬೇಡ, ಕೆಲಸದ ಫೈಲ್ ಅಳಿಸಿದ್ದೇನೆ ಅಂತ ಬರೆದುಕೊಟ್ಟರೆ ಸಾಕು.

ಆ ಹಾಳೆಯನ್ನು ಕನ್ನಡದಲ್ಲೂ ಹಿಂದಿಯಲ್ಲೂ ಮಾಡಿಸಿ, ಶಿಫ್ಟ್ ಬದಲಾಗುವ ಹೊತ್ತಲ್ಲಿ ಓದಿ ಹೇಳಿದೆವು. ಪ್ರತಿ ಡ್ರಾಯಿಂಗ್ ಮೇಲೂ "ಗುಟ್ಟು" ಅಂತ ಕೆಂಪು ಸೀಲು ಬಂತು. ಸ್ವಂತ ವಾಟ್ಸಾಪ್‌ಗೆ ಡ್ರಾಯಿಂಗ್ ಕಳಿಸೋದು ನಿಂತಿತು, ಶಾಪ್ ಫ್ಲೋರ್‌ಗೆ ಕಂಪನಿಯದೇ ಒಂದು ಟ್ಯಾಬ್ಲೆಟ್ ಬಂತು. ಬೋರ್ಡ್‌ಗೆ ನೀಲಿ ಪರದೆ ಹಾಕಿದೆವು.

ಮುಂದಿನ ವರ್ಷದ ಆಯುಧ ಪೂಜೆಗೆ ಅದೇ ಹುಡುಗ ಮೊದಲು ಹೋಗಿ ಪರದೆ ಎಳೆದ. ಆಮೇಲೆ ನನ್ನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡ.