ಟಿಕೆಟ್ ಕಡಿಮೆಯಾದರೆ ಕೆಲಸ ಕಡಿಮೆಯಾಯಿತು ಅಂತಲ್ಲ

ಇವತ್ತು ಬೆಳಗ್ಗೆಯಿಂದ ತಲೆ ಬಿಸಿಯಾಗಿದೆ. ನಮ್ಮಲ್ಲಿ ಒಂದು ಸಿಸ್ಟಂ ಅಡ್ಮಿನ್ ಹುದ್ದೆ ಖಾಲಿ ಇದೆ ಅಂತ ಹೋದ ವಾರ ಹೇಳಿದ್ದೆ, ಅಲ್ವಾ? ಹನ್ನೊಂದು ರೆಸ್ಯೂಮೆ ಬಂದಿವೆ. ಹಾಸನದವರು, ಅರಸೀಕೆರೆಯವರು, ಬೇಲೂರಿನವರು, ಚಿಕ್ಕಮಗಳೂರಿನ ಇಬ್ಬರು. ಹನ್ನೊಂದರಲ್ಲಿ ಏಳರಲ್ಲಿ ಒಂದೇ ಸಾಲು ಇದೆ. ಐದು ಸಾವಿರಕ್ಕೂ ಹೆಚ್ಚು ಟಿಕೆಟ್ ಬಗೆಹರಿಸಿದ್ದೇನೆ, 99.9% ಅಪ್‌ಟೈಮ್ ಕಾಪಾಡಿದ್ದೇನೆ. ಟಿಕೆಟ್ ಅಂದರೆ ಸಪೋರ್ಟ್‌ನವರ ಹತ್ತಿರ ದಾಖಲಾದ ಒಂದೊಂದು ದೂರು. ಆ ಸಾಲು ಅಕ್ಷರಕ್ಷರ ಒಂದೇ. ಯಾರೋ ಒಬ್ಬರು ಬರೆದದ್ದು ಎಲ್ಲರ ಫೈಲಿಗೂ ಹೋಗಿ ಕೂತಿದೆ.

ಒಬ್ಬ ಹುಡುಗನನ್ನು ಕರೆದು ಕೂರಿಸಿಕೊಂಡು ಕೇಳಿದೆ. 99.9 ಅಂದರೆ ವರ್ಷಕ್ಕೆ ಎಷ್ಟು ಹೊತ್ತು ನಿಲ್ಲಬಹುದಪ್ಪಾ? ಸುಮ್ನೆ ಕೂತ. ಲೆಕ್ಕ ಕಷ್ಟದ್ದಲ್ಲ. ವರ್ಷಕ್ಕೆ 8,760 ಗಂಟೆ, ಅದರಲ್ಲಿ ಸಾವಿರಕ್ಕೆ ಒಂದು ಪಾಲು, ಅಂದರೆ ಸುಮಾರು ಎಂಟೂಮುಕ್ಕಾಲು ಗಂಟೆ. ತಿಂಗಳಿಗೆ ಹಿಡಿದರೆ 43 ನಿಮಿಷ. ಅವನು ನೋಡಿಕೊಳ್ಳುತ್ತಿದ್ದ ಒಂದು ಆಫೀಸು ಸಕಲೇಶಪುರದ ಆಚೆ ಇದೆ. ಆ ಕಡೆ ಜುಲೈನಲ್ಲಿ ಒಂದು ಮರ ಫೈಬರ್ ಮೇಲೆ ಬಿದ್ದರೆ ಜೋಡಿಸುವ ಹೊತ್ತಿಗೆ ಅರ್ಧ ದಿನ ಹೋಗುತ್ತದೆ. ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಖಾಲಿಯಾದರೆ ಇನ್ನೊಂದಿಷ್ಟು. ಇಡೀ ವರ್ಷದ ಪಾಲು ಒಂದು ಮಳೆಯಲ್ಲಿ ಮುಗಿಯಿತು. ಹಾಗಾದರೆ ಆ 99.9 ಯಾವುದರದ್ದು? ಇಂಟರ್ನೆಟ್ ಲೈನಿನದ್ದಾ, ಸರ್ವರ್‌ದಾ, ಆಫೀಸ್ ವೇಳೆಯಲ್ಲಿ ಮಾತ್ರನಾ? ಅವನ ಹತ್ತಿರ ಉತ್ತರ ಇರಲಿಲ್ಲ. ಹುಡುಗ ಕೆಟ್ಟವನಲ್ಲ, ಕೆಲಸವೂ ಗೊತ್ತಿದೆ. ಅದೇ ನನಗೆ ಸಂಕಟ. ಗೊತ್ತಿರುವ ಕೆಲಸವನ್ನು ಬಿಟ್ಟು, ಗೊತ್ತಿಲ್ಲದ ಅಂಕಿ ಬರೆದುಕೊಂಡು ಬಂದಿದ್ದ.

ಇದನ್ನು ಹೇಳುವ ಹಕ್ಕು ನನಗೆ ಪುಕ್ಕಟೆ ಬಂದದ್ದಲ್ಲ. 2009ರಲ್ಲಿ ನಾನೂ ಅರವತ್ತು ಸಿಸ್ಟಂ ನೋಡಿಕೊಳ್ಳುತ್ತಿದ್ದವನು ಇನ್ನೂರು ಅಂತ ಬರೆದಿದ್ದೆ. ಬೆಂಗಳೂರಿನ ಇಂಟರ್‌ವ್ಯೂನಲ್ಲಿ, ಇನ್ನೂರಕ್ಕೆ ಆಂಟಿವೈರಸ್ ಅಪ್‌ಡೇಟ್ ಹೇಗೆ ಕಳಿಸುತ್ತಿದ್ದಿರಿ ಅಂತ ಕೇಳಿದರು. ನಾನು ಪೆನ್‌ಡ್ರೈವ್ ಹಿಡಿದು ಒಂದೊಂದೇ ಮೇಜಿಗೆ ಹೋಗುತ್ತಿದ್ದವನು. ಆ ರಾತ್ರಿ ಹಾಸನಕ್ಕೆ ವಾಪಸ್ ಬಂದ ಬಸ್ಸಿನಲ್ಲಿ ಪಟ್ಟ ನಾಚಿಕೆ ಇನ್ನೂ ನೆನಪಿದೆ.

ಈಗ ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಒಬ್ಬ ಹುಡುಗ ಒಂದು ಖಾಸಗಿ ಕಾಲೇಜಿನಲ್ಲಿ ಐಟಿ ಸಪೋರ್ಟ್‌ನಲ್ಲಿದ್ದಾನೆ. ಎರಡು ವರ್ಷ ಆಯಿತು. ಭಾನುವಾರ ರೆಸ್ಯೂಮೆ ತಂದು, "ಅಣ್ಣ, ಸ್ವಲ್ಪ ನೋಡಿಕೊಡಿ" ಅಂದ. ಅವನದು ಉಲ್ಟಾ ಕೇಸು. ಒಂದು ಅಂಕಿಯೂ ಇಲ್ಲ. ಕಂಪ್ಯೂಟರ್, ಪ್ರಿಂಟರ್, ನೆಟ್‌ವರ್ಕ್ ಸಮಸ್ಯೆಗಳನ್ನು ನೋಡಿಕೊಳ್ಳುವ ಜವಾಬ್ದಾರಿ ಅಂತ ಒಂದೇ ಸಾಲು. ಓದಿದರೆ ಅವನಿಗೂ ಸ್ವಿಚ್ ಬೋರ್ಡ್ ರಿಪೇರಿಯವನಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅವರಲ್ಲಿ ದೂರು ದಾಖಲಿಸಲು ಓಎಸ್‌ಟಿಕೆಟ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡಿದ್ದಾರೆ. ಲ್ಯಾಪ್‌ಟಾಪ್ ತೆಗೆಸಿ, ಹದಿನಾಲ್ಕು ತಿಂಗಳ ಟಿಕೆಟ್‌ಗಳನ್ನೆಲ್ಲ ಒಂದು ಶೀಟಿಗೆ ಇಳಿಸಿ ಇಬ್ಬರೂ ಕೂತೆವು. ಅವನ ಹೆಸರಲ್ಲಿ 1,126 ಟಿಕೆಟ್. ಅವನಿಗೇ ಆಶ್ಚರ್ಯ. ಇದನ್ನೇ ಬರೆದುಬಿಡಲಾ ಅಣ್ಣ ಅಂದ. ಬೇಡ ತಡಿ ಅಂದೆ. ಬಿಡಿಸಿ ನೋಡಿದರೆ 430 ಪಾಸ್‌ವರ್ಡ್ ಮರೆತದ್ದು, ಅಕೌಂಟ್ ಲಾಕ್ ಆದದ್ದು. ಅವು ಎರಡು ನಿಮಿಷದ ಕೆಲಸ. 250 ಪ್ರಿಂಟರ್. 190 ನೆಟ್‌ವರ್ಕ್. ಉಳಿದದ್ದು ವಿಂಡೋಸ್, ಪ್ರೊಜೆಕ್ಟರ್, ಸಿಸಿಟಿವಿ, ಇತ್ಯಾದಿ. ಸಾವಿರ ಟಿಕೆಟ್ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. 190 ನೆಟ್‌ವರ್ಕ್ ಅಂದರೆ ಕೇಳುವವನ ಕಿವಿ ನೆಟ್ಟಗಾಗುತ್ತದೆ.

ಆಮೇಲೆ ರೆಸ್ಪಾನ್ಸ್ ಟೈಮ್. ಇಲ್ಲಿ ಒಂದು ಮೋಸ ಇದೆ, ಅವನು ಮಾಡಿದ ಮೋಸವಲ್ಲ, ಲೆಕ್ಕದ ಮೋಸ. ಸುಮಾರು 340 ಟಿಕೆಟ್‌ಗಳಿಗೆ ಒಂದು ನಿಮಿಷ, ಎರಡು ನಿಮಿಷದಲ್ಲಿ ಉತ್ತರ ಕೊಟ್ಟು ಮುಚ್ಚಿದ್ದಾಗಿತ್ತು. ಹೇಗೆ ಸಾಧ್ಯ? ಪ್ರಿನ್ಸಿಪಾಲರ ರೂಮಿನಿಂದ ಫೋನ್ ಬರುತ್ತದೆ, ಓಡುತ್ತಾನೆ, ಸರಿ ಮಾಡುತ್ತಾನೆ, ಸೀಟಿಗೆ ಬಂದಮೇಲೆ ಟಿಕೆಟ್ ತೆಗೆದು ಅಲ್ಲೇ ಮುಚ್ಚುತ್ತಾನೆ. ನಮ್ಮೂರಲ್ಲಿ ಎಲ್ಲ ಕಡೆ ಹೀಗೇ ನಡೆಯುವುದು. ಆದರೆ ಆ ಎರಡು ನಿಮಿಷ ರೆಸ್ಪಾನ್ಸ್ ಟೈಮ್ ಅಲ್ಲ, ಟೈಪ್ ಮಾಡಿದ ಟೈಮ್. ಅವನ್ನು ಪಕ್ಕಕ್ಕಿಟ್ಟೆವು. ಉಳಿದದ್ದು 786.

ಅದರ ಸರಾಸರಿ ತೆಗೆದರೆ ಹತ್ತಿರ ಹತ್ತಿರ ಮೂರು ಗಂಟೆ ಬಂತು. ಹುಡುಗನ ಮುಖ ಸಪ್ಪಗಾಯಿತು. ಕಾರಣ ಹುಡುಕಿದೆವು. ಶನಿವಾರ ಸಂಜೆ ಯಾರೋ ಮನೆಗೆ ಹೋಗುವಾಗ ಟಿಕೆಟ್ ಹಾಕಿರುತ್ತಾರೆ, ಇವನು ನೋಡುವುದು ಸೋಮವಾರ ಬೆಳಗ್ಗೆ. ನಲವತ್ತು ಗಂಟೆ. ಅಂಥವು ಐವತ್ತು ಇದ್ದರೆ ಸಾಕು, ಇಡೀ ಸರಾಸರಿಯನ್ನು ಎಳೆದುಕೊಂಡು ಹೋಗುತ್ತವೆ. ಅದಕ್ಕೇ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ಮಧ್ಯದ್ದನ್ನು ನೋಡಿದೆವು. 22 ನಿಮಿಷ. ಅರ್ಧ ಟಿಕೆಟ್‌ಗಳಿಗೆ 22 ನಿಮಿಷದೊಳಗೆ ಇವನ ಉತ್ತರ ಹೋಗಿದೆ. ಇದು ಅವನ ನಿಜವಾದ ವೇಗ. ಅಂದಹಾಗೆ, ಇದು ಮೊದಲ ಉತ್ತರದ ಹೊತ್ತು, ಸಮಸ್ಯೆ ಬಗೆಹರಿದ ಹೊತ್ತಲ್ಲ. ಟಿಕೆಟ್ ಬಂದ ಕೂಡಲೇ ತಂತಾನೇ ಹೋಗುವ ಈಮೇಲನ್ನೂ ಉತ್ತರ ಅಂತ ಹಿಡಿಯಬಾರದು. ಮೊದಲ ಉತ್ತರದ ಹೊತ್ತು, ಬಗೆಹರಿದ ಹೊತ್ತು ಎರಡೂ ಒಂದೇ ಅಂದುಕೊಂಡು ಬರೆದವರು ಹನ್ನೊಂದರಲ್ಲಿ ಎಷ್ಟು ಜನ ಅಂತ ಎಣಿಸುವುದನ್ನೇ ಬಿಟ್ಟೆ.

ಇಷ್ಟು ನೋಡುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಆಗಸ್ಟ್‌ನಲ್ಲಿ "ನೆಟ್ ಬರ್ತಿಲ್ಲ" ಅನ್ನುವ ಟಿಕೆಟ್ 41. ಅಕ್ಟೋಬರ್‌ನಲ್ಲಿ ಬರೀ ಏಳು. ಮಧ್ಯೆ ಏನಾಯಿತೋ ಅಂತ ಕೇಳಿದರೆ, "ಅದೇನೂ ಇಲ್ಲ ಅಣ್ಣ, ಡಿಎಚ್‌ಸಿಪಿ ಸ್ವಲ್ಪ ಸರಿ ಮಾಡಿದೆ" ಅಂದ. ಸ್ವಲ್ಪ ಸರಿ ಮಾಡಿದೆ!

ಡಿಎಚ್‌ಸಿಪಿ ಅಂದರೆ ನೆಟ್‌ವರ್ಕಿಗೆ ಬರುವ ಪ್ರತಿ ಸಾಧನಕ್ಕೂ ಒಂದು ವಿಳಾಸ ಹಂಚುವ ವ್ಯವಸ್ಥೆ. ನಡೆದದ್ದು ಇದು. ಕಾಲೇಜಿನ ಲ್ಯಾಬು, ಆಫೀಸು, ವೈಫೈ, ಹುಡುಗರ ಮೊಬೈಲು ಎಲ್ಲ ಒಂದೇ ನೆಟ್‌ವರ್ಕಿನಲ್ಲಿದ್ದವು. ಆ ನೆಟ್‌ವರ್ಕಿನಲ್ಲಿ ಒಟ್ಟು 254 ವಿಳಾಸ. ಸರ್ವರ್, ಪ್ರಿಂಟರ್, ಸ್ವಿಚ್‌ಗಳಿಗೆ ಎತ್ತಿಟ್ಟರೆ ಹಂಚಲು ಉಳಿಯುವುದು ಇನ್ನೂರಿಪ್ಪತ್ತು ಚಿಲ್ಲರೆ. ವಿಂಡೋಸ್ ಸರ್ವರ್ ಒಂದು ವಿಳಾಸ ಕೊಟ್ಟರೆ, ನಾವು ಬದಲಾಯಿಸದಿದ್ದರೆ ಎಂಟು ದಿನ ಅದನ್ನು ಆ ಸಾಧನದ ಹೆಸರಲ್ಲೇ ಇಟ್ಟಿರುತ್ತದೆ. ಮೊಬೈಲ್ ಹಿಡಿದ ಹುಡುಗ ಹತ್ತು ನಿಮಿಷ ವೈಫೈಗೆ ಬಂದು ಹೋದರೂ ಎಂಟು ದಿನ ಆ ವಿಳಾಸ ಬೇರೆಯವರಿಗಿಲ್ಲ. ಆಗಸ್ಟ್‌ನಲ್ಲಿ ಹೊಸ ಬ್ಯಾಚ್ ಬಂತು, ಮೊಬೈಲ್ ಜಾಸ್ತಿಯಾಯಿತು, ವಿಳಾಸ ಮುಗಿಯಿತು. ಕೆಲವು ದಿನ ಆಫ್ ಆಗಿದ್ದ ಲ್ಯಾಬಿನ ಮಷೀನ್ ಆನ್ ಮಾಡಿದರೆ ವಿಳಾಸ ಇಲ್ಲ.

ಅವನ ಸೀನಿಯರ್ ಮಾಡುತ್ತಿದ್ದದ್ದು ರೀಸ್ಟಾರ್ಟ್. ಕೆಲವೊಮ್ಮೆ ನೆಟ್ ಬರುತ್ತಿತ್ತು, ಯಾಕೆಂದರೆ ಅಷ್ಟರಲ್ಲಿ ಯಾರದೋ ಎಂಟು ದಿನ ಮುಗಿದು ಒಂದು ವಿಳಾಸ ಖಾಲಿಯಾಗಿರುತ್ತಿತ್ತು. ಟಿಕೆಟ್ ಮುಚ್ಚುತ್ತಿದ್ದರು. ಮಾರನೇ ದಿನ ಪಕ್ಕದ ಮಷೀನಿಗೆ ಅದೇ ರೋಗ. ಇವನು ಒಂದು ದಿನ ರೀಸ್ಟಾರ್ಟ್ ಮಾಡದೆ `ipconfig` ಹೊಡೆದು ನೋಡಿದ್ದಾನೆ. ವಿಳಾಸ 169.254 ಅಂತ ಶುರುವಾಗಿತ್ತು. ಯಾರೂ ವಿಳಾಸ ಕೊಡದೇ ಇದ್ದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ವಿಳಾಸ ಅದು. ಮಷೀನಿಗೆ ವಿಳಾಸವೇ ಸಿಗುತ್ತಿಲ್ಲ ಅಂತ ಅಲ್ಲೇ ಗೊತ್ತಾಯಿತು. ಸರ್ವರ್‌ನಲ್ಲಿ ನೋಡಿದರೆ ಒಂದೂ ಬಾಕಿ ಇಲ್ಲ. ಮೊಬೈಲ್‌ಗಳಿಗೆ ಬೇರೆ ವಿಲ್ಯಾನ್, ಅಂದರೆ ಅದೇ ಸ್ವಿಚ್‌ಗಳಲ್ಲೇ ಪ್ರತ್ಯೇಕ ನೆಟ್‌ವರ್ಕ್, ಮಾಡಿಸಿದ, ಅದಕ್ಕೆ ಸಾವಿರ ಚಿಲ್ಲರೆ ವಿಳಾಸ ಕೊಟ್ಟ, ಅವಧಿಯನ್ನು ಎಂಟು ದಿನದಿಂದ ಎರಡು ಗಂಟೆಗೆ ಇಳಿಸಿದ. ಮುಗಿಯಿತು.

ಇಷ್ಟು ಮಾಡಿದವನು ಅದನ್ನು ರೆಸ್ಯೂಮೆಯಲ್ಲಿ ಬರೆದಿಲ್ಲ. ಯಾಕೆ ಅಂತ ಕೇಳಿದರೆ ಅವನು ಹೇಳಿದ ಮಾತು ಕೇಳಿ ನನಗೆ ಹೊಟ್ಟೆ ಉರಿಯಿತು. "ಟಿಕೆಟ್ ಕಡಿಮೆ ಆಯ್ತಲ್ಲ ಅಣ್ಣ. ನನ್ನ ಕೌಂಟ್ ಬಿದ್ದುಹೋಯ್ತು. ಅವತ್ತೇ ಮೀಟಿಂಗ್‌ನಲ್ಲಿ ಏನಪ್ಪಾ ಕೆಲಸ ಕಡಿಮೆಯಾ ಅಂತ ಕೇಳಿದ್ರು."

ನೋಡಿ, ಇದೇ ನನ್ನ ಸಿಟ್ಟು. ರೀಸ್ಟಾರ್ಟ್ ಮಾಡಿ 41 ಟಿಕೆಟ್ ಮುಚ್ಚಿದವನು ಸಾಧಕ. ರೋಗದ ಬೇರು ಕಿತ್ತು 34 ಟಿಕೆಟ್ ಹುಟ್ಟದ ಹಾಗೆ ಮಾಡಿದವನು ಸೋಮಾರಿ. ಟಿಕೆಟ್ ಎಣಿಕೆಯನ್ನೇ ಸಾಧನೆ ಅಂತ ಬರೆಯುವುದನ್ನು ನಾವೇ ಕಲಿಸಿದರೆ ಹುಡುಗರು ಇನ್ನೇನು ಮಾಡುತ್ತಾರೆ? ಒಂದೇ ಟಿಕೆಟ್ ಮತ್ತೆ ಮತ್ತೆ ತೆರೆದರೆ ಲೆಕ್ಕ ಏರುತ್ತದೆ, ಮುಚ್ಚಿದವನ ಹೆಸರೂ ಏರುತ್ತದೆ.

ಗೆಳೆಯನೊಬ್ಬ ಫೋನಿನಲ್ಲಿ ವಾದ ಮಾಡಿದ. ದೊಡ್ಡ ಅಂಕಿ ಇಲ್ಲದಿದ್ದರೆ ಎಚ್‌ಆರ್‌ನವರು ಕರೆಯುವುದೇ ಇಲ್ಲ, ಎಲ್ಲರೂ ಹೀಗೇ ಬರೆಯುವುದು ಅಂತ. ಇರಬಹುದು. ಅಂಕಿ ಬೇಡ ಅಂತ ನಾನೂ ಹೇಳುತ್ತಿಲ್ಲ. ಆದರೆ ಎಚ್‌ಆರ್ ದಾಟಿದ ಮೇಲೆ ಮುಂದೆ ಕೂರುವವನು ನನ್ನಂಥವನು. ಅವನು ಕೇಳುವುದು ಒಂದೇ ಪ್ರಶ್ನೆ, ಇದನ್ನು ಹೇಗೆ ಎಣಿಸಿದಿರಿ. ಇನ್ನು ಟಿಕೆಟ್ ಸಾಫ್ಟ್‌ವೇರೇ ಇಲ್ಲ, ಎಲ್ಲ ವಾಟ್ಸಾಪ್ ಮತ್ತು ಫೋನು ಅನ್ನುವವರಿಗೆ ಒಂದು ನೋಟ್‌ಬುಕ್ ಸಾಕು. ದೂರು ಬಂದ ಹೊತ್ತು, ನೋಡಿದ ಹೊತ್ತು, ಕಾರಣ. ಮೂರು ತಿಂಗಳು ಬರೆದಿಟ್ಟು, ಮೂರು ತಿಂಗಳ ಲೆಕ್ಕ ಅಂತಲೇ ಹೇಳಿ. ನಾನು ನಂಬುತ್ತೇನೆ.

ಕೊನೆಗೆ ಅವನ ರೆಸ್ಯೂಮೆಯಲ್ಲಿ ಮೂರು ಸಾಲು ಉಳಿದವು. ಇಂಗ್ಲಿಷ್‌ನಲ್ಲಿವೆ, ಕನ್ನಡದಲ್ಲಿ ಹೇಳಿದರೆ ಹೀಗೆ. 140 ಡೆಸ್ಕ್‌ಟಾಪ್, ಆರು ಸ್ವಿಚ್, ಒಂದು ವಿಂಡೋಸ್ ಸರ್ವರ್ ನೋಡಿಕೊಂಡಿದ್ದೇನೆ, ಫೈರ್‌ವಾಲ್ ಬದಲಾವಣೆಗಳನ್ನು ಸೀನಿಯರ್ ಜೊತೆ ಮಾಡಿದ್ದೇನೆ. ಹದಿನಾಲ್ಕು ತಿಂಗಳಲ್ಲಿ 1,126 ಟಿಕೆಟ್, ಅದರಲ್ಲಿ 190 ನೆಟ್‌ವರ್ಕಿನವು, ಫೋನಿನಲ್ಲಿ ಬಂದವನ್ನು ಬಿಟ್ಟು ಉಳಿದವಕ್ಕೆ ಮೊದಲ ಉತ್ತರದ ಮಧ್ಯಮ ಹೊತ್ತು 22 ನಿಮಿಷ. ಡಿಎಚ್‌ಸಿಪಿ ವಿಳಾಸ ಮುಗಿಯುತ್ತಿದ್ದದ್ದನ್ನು ಪತ್ತೆಹಚ್ಚಿ, ಮೊಬೈಲ್‌ಗಳನ್ನು ಬೇರೆ ಮಾಡಿ, ಸಂಪರ್ಕದ ದೂರುಗಳನ್ನು ತಿಂಗಳಿಗೆ 41ರಿಂದ ಏಳಕ್ಕೆ ಇಳಿಸಿದ್ದೇನೆ. ಫೈರ್‌ವಾಲ್ ಸಾಲಿನಲ್ಲಿ "ಸೀನಿಯರ್ ಜೊತೆ" ಅನ್ನುವುದನ್ನು ತೆಗೆಯಲಾ ಅಂತ ಎರಡು ಸಲ ಕೇಳಿದ. ಬೇಡ ಅಂದೆ. ಒಬ್ಬನೇ ಮಾಡಿದ್ದೇನೆ ಅಂತ ಬರೆದರೆ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ಹೊರಡುವಾಗ ಇನ್ನೊಂದು ಕಂಡಿತು. ಹಳೇ ಫೈಲಿನ ಎರಡನೇ ಪುಟದಲ್ಲಿ ನೆಟ್‌ವರ್ಕಿನ ಚಿತ್ರ ಹಾಕಿದ್ದ. ಕಾಲೇಜಿನ ಹೊರಗಿನ ಐಪಿ, ಫೈರ್‌ವಾಲ್ ಮಾಡೆಲ್, ಅದರ ವರ್ಷನ್ ಸಮೇತ. ಆ ಫೈಲು ಆಗಲೇ ನಾಲ್ಕು ಜಾಬ್ ಸೈಟಿನಲ್ಲಿದೆಯಂತೆ. ಒಳನುಗ್ಗುವವನಿಗೆ ನೀನೇ ದಾರಿ ತೋರಿಸಿದ ಹಾಗಿದೆ, ಮೊದಲು ಅದನ್ನು ತೆಗಿ ಮಾರಾಯ ಅಂದೆ. ನಮ್ಮ ಜಗಲಿ ಮೇಲೇ ಕೂತು, ಕತ್ತಲಾಗುವವರೆಗೂ ಒಂದೊಂದೇ ಸೈಟಿಗೆ ಲಾಗಿನ್ ಆಗಿ ಅಳಿಸಿದ. ಒಂದರ ಪಾಸ್‌ವರ್ಡ್ ನೆನಪಿಲ್ಲ ಅಂತ ಇವತ್ತು ಸಂಜೆ ಮತ್ತೆ ಬರುತ್ತಾನೆ.