ಮುಖ ಬೇಡ, ಬಾಬಿನ್ ಕೇಸ್ ತೋರಿಸಿ

ಹೊಲಿಗೆ ಮಷೀನಿನ ಫೋಟೋ ಕಳಿಸಿ ಅಂದರೆ ಜನ ಮಷೀನಿಗೆ ಪೂಜೆ ಮಾಡಿಯೇ ಕಳಿಸುತ್ತಾರೆ. ಮೊನ್ನೆ ಗುಳೇದಗುಡ್ಡದ ಚಿಗವ್ವನಿಂದ ಬಂದ ಫೋಟೋದಲ್ಲಿ ಚೆಂಡುಹೂವಿನ ಮಾಲೆ ಇತ್ತು, ವಿಭೂತಿ ಇತ್ತು, ನಂಬರ್ ಕೊರೆದಿರುವ ಜಾಗದ ಮೇಲೇ ಕುಂಕುಮದ ದಪ್ಪ ಬೊಟ್ಟಿತ್ತು. ಜತೆಗೊಂದು ಸಂದೇಶ: ‘ಇದಕ್ಕ ಸೂಜಿ, ಒಂದ್ ಪೈಪಿಂಗ್ ಫೂಟ್ ತಗೊಂಡ್ ಬಾರಪಾ.’ ಬಾಗಲಕೋಟೆಯ ಅಂಗಡಿಗೆ ಹೋಗಿ ‘ಇದಕ್ಕೆ’ ಅಂತ ಮಾಲೆ ತೋರಿಸಲೇ?

ಕಂಪನಿ ಹೆಸರು ಓದೋಣ ಅಂದರೆ ಅದೂ ಇಲ್ಲ. ಯಾವುದೋ ಕಾಲದಲ್ಲಿ ಮಷೀನಿಗೆ ಹೊಸ ಕಪ್ಪು ಬಣ್ಣ ಬಳಿಸಿದ್ದಾರೆ. ಪೇಂಟರ್ ಹಳೇ ಹೆಸರಿನ ಜಾಗದಲ್ಲಿ ಹಳದಿ ಅಕ್ಷರದಲ್ಲಿ ‘ಶ್ರೀ ಬನಶಂಕರಿ ಪ್ರಸನ್ನ’ ಎಂದು ಬರೆದುಕೊಟ್ಟಿದ್ದಾನೆ. ಪ್ರಸನ್ನಳಾಗಲಿ, ಬೇಡ ಅನ್ನೋರು ಯಾರು? ಆದರೆ ಬನಶಂಕರಿ ಮಾಡೆಲ್ಲಿಗೆ ಸೂಜಿ ಎಲ್ಲಿ ಸಿಗುತ್ತದೆ?

ಆ ಫೋಟೋದಿಂದ ಕೆಲಸಕ್ಕೆ ಬಂದದ್ದು ಒಂದೇ. ದಾರ ಬಿಗಿ ಮಾಡುವ ತಿರುಪು ಎಡತುದಿಯ ತಗಡಿನ ಮೇಲಿತ್ತು. ನಮ್ಮ ಕಡೆಯ ಬಹಳಷ್ಟು ಕಪ್ಪು ಮಷೀನುಗಳು ಸಿಂಗರ್ ಕಂಪನಿಯ 15 ಎಂಬ ಮಾದರಿಯ ನಕಲುಗಳು, ಅವುಗಳಲ್ಲಿ ತಿರುಪು ಇರೋದು ಅಲ್ಲೇ. ಆದರೆ ಟೇಲರುಗಳ ದೊಡ್ಡ ಮಷೀನುಗಳಲ್ಲೂ ಅಲ್ಲೇ ಇರಬಹುದು. ಹಾಗಾಗಿ ಕೆಳದಾರದ ಸುರುಳಿ, ಅಂದರೆ ಬಾಬಿನ್, ಕೂರುವ ಬಾಬಿನ್ ಕೇಸ್ ನೋಡದೆ ಮಾತಾಡಬಾರದು.

‘ಜಾರುತಗಡು ಸರಿಸು, ಬಾಬಿನ್ ಕೇಸ್ ಅಲ್ಲೇ ಕೂತಿರಲಿ, ಎಡಗಡೆಯಿಂದ ನೇರ ಫೋಟೋ ತೆಗಿ’ ಎಂದೆ. ಕೇಸಿನಿಂದ ಒಂದು ಬೆರಳು ಚಾಚಿಕೊಂಡಿರುತ್ತದೆ. ಗಡಿಯಾರದ ಮುಳ್ಳಿನಂತೆ ಅದು ಕೆಲವು ಮಷೀನುಗಳಲ್ಲಿ 11ರ ಕಡೆ, ಕೆಲವದರಲ್ಲಿ 1ರ ಕಡೆ ನೋಡುತ್ತದೆ. ತಪ್ಪು ಕೇಸ್ ತಂದರೆ ಆ ಬೆರಳು ತನ್ನ ಖಾಂಚಿನಲ್ಲಿ ಕೂರುವುದಿಲ್ಲ. ಕೇಸ್ ತಿರುಗುತ್ತದೆ, ದಾರ ಗಂಟಾಗುತ್ತದೆ, ಸೂಜಿ ಟಕ್ ಅಂತ ಮುರಿಯುತ್ತದೆ.

ಫೋಟೋ ಬಂತು. ಬೆರಳು 1ರ ಕಡೆ. ತೆಗೆದವನು ಚಿಗವ್ವನ ಮೊಮ್ಮಗ. ಅವನಿಗೆ ಮೊಬೈಲಿನಲ್ಲಿ ಒಂದೇ ಕ್ಯಾಮೆರಾ ಗೊತ್ತು, ತನ್ನ ಮುಖ ಕಾಣುವುದು. ಆ ಮುಂದಿನ ಕ್ಯಾಮೆರಾವನ್ನು ಮಷೀನಿನ ಹೊಟ್ಟೆಗೆ ಹಿಡಿದು, ತಾನು ಕೆಳಗೆ ಅಂಗಾತ ಮಲಗಿ ಕ್ಲಿಕ್ ಮಾಡಿದ್ದಾನೆ. ಹಿಂದೆ ಗೋಡೆಗೆ ಕ್ಯಾಲೆಂಡರ್ ತೂಗುತ್ತಿತ್ತು, ಅದರ ಅಕ್ಷರಗಳೆಲ್ಲ ಉಲ್ಟಾ. ಅಂದರೆ ಎಡ ಬಲ ಅದಲು ಬದಲು, ಬೆರಳು ನಿಜಕ್ಕೂ 11ರ ಕಡೆ! ಕ್ಯಾಲೆಂಡರ್ ಇಲ್ಲದಿದ್ದರೆ? ಎಲ್ಲ ಫೋನೂ ಚಿತ್ರವನ್ನು ತಿರುಗಿಸಿಡುವುದಿಲ್ಲ ಬೇರೆ, ಹಾಗಾಗಿ ಊಹೆಗೂ ಆಧಾರವಿಲ್ಲ. ‘ಹಿಂದಿನ ಕ್ಯಾಮೆರಾದಿಂದ ತೆಗಿಯಪ್ಪಾ’ ಅಂದೆ. ಹುಡುಗ ಈ ಸಲ ತನ್ನ ಹೆಬ್ಬೆರಳಿನ ಸೊಗಸಾದ ಫೋಟೋ ಕಳಿಸಿದ. ಮತ್ತೆ ಹೇಳಿದೆ. ಕೊನೆಗೆ ಬಾಬಿನ್ ಪಕ್ಕ 2011ರ ಮಾದರಿಯ ಒಂದು ರೂಪಾಯಿ ನಾಣ್ಯ ಇಟ್ಟು ಮೇಲಿಂದ ತೆಗೆಸಿದೆ. ನಾಣ್ಯ ಸುಮಾರು 22 ಮಿಲಿಮೀಟರ್ ಅಗಲ, ಬಾಬಿನ್ ಅದಕ್ಕಿಂತ ಚೂರೇ ಸಣ್ಣದು, ಎರಡೂ ಬದಿ ಸಪಾಟು. ಸುಮಾರು 20. ಸಿಂಗರ್ 15ರ ಬಾಬಿನ್ನೇ, ಸಂಶಯ ಬೇಡ.

ಈಗ ಫೂಟ್, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ. ಸೂಜಿ ತಗಡಿನಿಂದ ಫೂಟ್ ಕಟ್ಟುವ ತಿರುಪಿನ ನಡುವಿನವರೆಗೆ, ಫೂಟ್ ಇಳಿಸಿ, ಟೇಪಿನಲ್ಲಿ ಅಳೆಸಿದೆ. ಅರ್ಧ ಇಂಚು. ಇದು ಗಿಡ್ಡ ಕಾಲಿನದು. ಒಂದು ಇಂಚು ಬಂದಿದ್ದರೆ ಉದ್ದ ಕಾಲಿನ ಟೇಲರ್ ಮಷೀನು, ಅದರ ಪೈಪಿಂಗ್ ಫೂಟ್ ಬೇರೆ.

ಸೂಜಿಯ ಕಥೆ ಕೇಳಿದರೆ ಸಿಟ್ಟು ಬರುತ್ತದೆ. ಚಿಗವ್ವ ಖಣದ ಕುಪ್ಪಸ ಹೊಲಿಯುವಾಗ ಅಲ್ಲಲ್ಲಿ ಹೊಲಿಗೆ ತಪ್ಪುತ್ತಿತ್ತಂತೆ. ಆಕೆ ಮಷೀನಿಗೆ ವಯಸ್ಸಾಯಿತು ಅಂದುಕೊಂಡಿದ್ದಳು. ಉಳಿದ ಸೂಜಿಗಳ ಪೊಟ್ಟಣದ ಫೋಟೋ ಕಳಿಸು ಅಂದೆ. ಡಿಬಿ×1. ಅದರ ತಲೆ ಉರುಟು, ಸುಮಾರು 1.6 ಮಿಲಿಮೀಟರ್, ಕಾರ್ಖಾನೆ ಮಷೀನುಗಳಿಗೆ ಮಾಡಿದ್ದು. ಚಿಗವ್ವನದಕ್ಕೆ ಬೇಕಾದ್ದು ಎಚ್ಎ×1, ತಲೆ ಸುಮಾರು 2 ಮಿಲಿಮೀಟರ್ ದಪ್ಪ, ಒಂದು ಬದಿ ಚಪ್ಪಟೆ. ಆ ಚಪ್ಪಟೆಯೇ ಸೂಜಿಯನ್ನು ಸರಿಯಾದ ಕಡೆಗೆ ತಿರುಗಿಸಿ ಕೂರಿಸೋದು. ಉರುಟು ತಲೆಯದು ಸಡಿಲವಾಗಿ ಸಿಕ್ಕ ಕಡೆ ತಿರುಗಿ ಕೂರುತ್ತದೆ, ಹುಕ್ಕಿನ ಮೂತಿಗೆ ದಾರದ ಕುಣಿಕೆ ಸಿಗುವುದಿಲ್ಲ, ಹೊಲಿಗೆ ತಪ್ಪುತ್ತದೆ. ಕೊಟ್ಟ ಅಂಗಡಿಯವ ‘ಎಲ್ಲಾ ಒಂದರೀ ಅಕ್ಕಾರ’ ಅಂದಿದ್ದನಂತೆ. ಒಂದೇ ಆದರೆ ಪೊಟ್ಟಣದ ಮೇಲೆ ಬೇರೆ ಬೇರೆ ಯಾಕೆ ಅಚ್ಚು ಹಾಕಬೇಕಿತ್ತು, ಮಹರಾಯ?

ಎಚ್ಎ×1ರ 14 ನಂಬರ್ ಪೊಟ್ಟಣ, ಗಿಡ್ಡ ಕಾಲಿನ ಪೈಪಿಂಗ್ ಫೂಟ್ ಕೊಂಡೆ. ‘ತಗೊಂಡೆ, ನಾಳೆ ಬರ್ತೀನಿ’ ಅಂತ ಫೋನ್ ಮಾಡಿದೆ. ಚಿಗವ್ವ ಕೇಳಿದಳು: ‘ಅಷ್ಟ ಫೋಟೋ ಯಾಕ ತೆಗಸಿದ್ಯೋ ತಮ್ಮಾ? ಹಳೇ ಫೂಟ್ ಬಿಚ್ಚಿ ಬಸ್ಸಿನಾಗ ಕಳಿಸಿದ್ದರ ಆಗತಿದ್ದಿಲ್ಲೇನು?’