ಗೀಟು ದಾಟಿದ ಕಡತ

ಒಂದು ಮನೆಗೆ ನೀರಿನ ಸಂಪರ್ಕ ಕೊಡಲು ಇಷ್ಟು ದಿನ ಏಕೆ ಬೇಕು ಎಂದು ಮೇಲಿನವರು ಕೇಳಿದರು. ಉತ್ತರ ಒಂದೇ ಸ್ಲೈಡಿನಲ್ಲಿರಬೇಕೆಂದೂ ಅಪ್ಪಣೆಯಾಯಿತು. ನಾನು ಸ್ವಿಮ್‌ಲೇನ್ ನಕ್ಷೆ ಬರೆಯಲು ಕುಳಿತೆ. ಈಜುಕೊಳದಲ್ಲಿರುವಂತೆ ಉದ್ದನೆಯ ಪಟ್ಟಿಗಳು, ಇಲಾಖೆಗೊಂದು. ಕೆಲಸಕ್ಕೆ ಪೆಟ್ಟಿಗೆ, ತೀರ್ಮಾನಕ್ಕೆ ವಜ್ರಾಕೃತಿ, ಕಡತ ಕೈ ಬದಲಿಸಿದಲ್ಲೆಲ್ಲ ಗೀಟು ದಾಟುವ ಬಾಣ. ಈಜುಗಾರ ಪಕ್ಕದ ಪಟ್ಟಿಯಲ್ಲಿ ಗುರಿ ಮುಟ್ಟಿದರೆ ಅನರ್ಹನಾಗುತ್ತಾನೆ. ನಮ್ಮಲ್ಲಿ ಕಡತವೇನಾದರೂ ತನ್ನ ಪಟ್ಟಿಯಲ್ಲೇ ಗುರಿ ಮುಟ್ಟಿದರೆ ತನಿಖೆಯಾಗುತ್ತದೆ.

ನಿಯಮಪುಸ್ತಕ ನೋಡಿ ಬರೆದಾಗ ಗೀಟು ದಾಟಿದ್ದು ಆರೇ ಬಾಣ. ಬಲು ಚೆಂದವಿತ್ತು. ಅನುಮಾನ ಬಂದು, ಮುಗಿದ ಒಂದು ಕಡತ ಹಾಗೂ ಟಪಾಲು ವಹಿಗಳನ್ನು ಮುಂದಿಟ್ಟುಕೊಂಡು ಮೊಹರಿನ ದಿನಾಂಕಗಳನ್ನು ಹಿಡಿದು ಮತ್ತೆ ಬರೆದೆ. ಆರು ಹದಿನಾಲ್ಕಾಯಿತು. ಹೆಚ್ಚಿನ ಎಂಟೂ ವಾಪಸು ಬರುವ, ಮತ್ತೆ ಹೋಗುವ ಬಾಣಗಳು. ರಸ್ತೆ ಅಗೆತದ ಅನುಮತಿಗೆ ಹೋದ ಕಡತ ‘ಚರ್ಚಿಸಿ’ ಎಂಬ ಒಂದೇ ಷರಾ ಹೊತ್ತು ನೀರಿನವರಿಗೆ ಮರಳಿತ್ತು. ಯಾರು ಯಾರೊಡನೆ ಚರ್ಚಿಸಬೇಕು ಎಂಬುದು ಅದರಲ್ಲಿರಲಿಲ್ಲ. ಯಾರೂ ಚರ್ಚಿಸದೆಯೇ ಅದು ಪುನಃ ರಸ್ತೆಯವರ ಬಳಿ ಹೋಗಿ, ಮಂಜೂರಾಗಿ ಬಂದಿತ್ತು.

ಪೆಟ್ಟಿಗೆಗಳೊಳಗಿನ ಕೆಲಸವನ್ನೆಲ್ಲ ಕೂಡಿಸಿದರೆ, ಅಗೆತವೂ ಸೇರಿ, 9 ಗಂಟೆ. ಅರ್ಜಿಯಿಂದ ನಲ್ಲಿಯಲ್ಲಿ ನೀರು ಬರುವವರೆಗೆ 74 ದಿನ. ಉಳಿದ ದಿನಗಳೆಲ್ಲ ಬಾಣಗಳ ಮೇಲೆ ಮಲಗಿದ್ದವು. ಪ್ರತಿ ಬಾಣದ ಪಕ್ಕ ದಿನಗಳನ್ನು ಕೆಂಪಿನಲ್ಲಿ ಬರೆದೆ. ರಸ್ತೆಯವರಿಂದ ಸಂಚಾರ ಪೊಲೀಸರಿಗೆ ಹೋದ ಬಾಣಕ್ಕೆ ಒಂಬತ್ತು ದಿನ. ಹಿಂದೆ ನಿಂತು ನೋಡುತ್ತಿದ್ದ ನಮ್ಮ ಜವಾನ ಮೆಲ್ಲಗೆ ಹೇಳಿದ: “ಅದು ನನ್ನ ಮಗಳ ಮದುವೆ, ಸಾರ್.”

ಸಭೆಯಲ್ಲಿ ಸಾಹೇಬರು ಮೊದಲು ಬೆರಳಿಟ್ಟದ್ದು ಎಲ್ಲಕ್ಕಿಂತ ಮೇಲಿನ ಪಟ್ಟಿಗೆ. “ಅರ್ಜಿದಾರ ಯಾವ ಇಲಾಖೆಯವನು?” ಎಂದರು. ಪಟ್ಟಿ ಹೋಯಿತು, ಅದರೊಂದಿಗೆ ಅವನು ಕಚೇರಿಗೆ ಬಂದುಹೋದದ್ದೂ ಹೋಯಿತು. ಕೆಂಪಂಕಿಗಳು ಕಣ್ಣಿಗೆ ಚುಚ್ಚುತ್ತವೆಂದು ಲೆಕ್ಕಪತ್ರದವರು ಗೊಣಗಿದರು, ಅವೂ ಹೋದವು. ವಾಪಸು ಬಾಣಗಳು ತಪ್ಪು ಸಂದೇಶ ಕೊಡುತ್ತವಂತೆ. ಕೊನೆಗೆ ಸಾಹೇಬರಿಗೇ ಒಂದು ಉಪಾಯ ಹೊಳೆಯಿತು: ಉಳಿದ ನಾಲ್ಕು ಪಟ್ಟಿಗಳನ್ನೂ ಸೇರಿಸಿ ‘ಆಡಳಿತ’ ಎಂದು ಒಂದೇ ಪಟ್ಟಿ ಮಾಡುವುದು. ಗೀಟೇ ಇಲ್ಲದ ಮೇಲೆ ದಾಟುವುದೇನು? ಪೆಟ್ಟಿಗೆಗಳು ರೈಲಿನ ಡಬ್ಬಿಗಳಂತೆ ಸಾಲಾಗಿ ನಿಂತವು. ಅಕ್ಷರಗಳೂ ದೊಡ್ಡದಾಗಿ, ಹಿಂದಿನ ಸಾಲಿನವರಿಗೂ ಕಂಡು, ಚಪ್ಪಾಳೆ ಬಿತ್ತು.

ಚಹಾದ ತಟ್ಟೆ ಹಿಡಿದು ಒಳಗೆ ಬಂದ ಜವಾನ ಪರದೆಯನ್ನು ಆ ತುದಿಯಿಂದ ಈ ತುದಿಯವರೆಗೆ ಹುಡುಕಿದ. ಆಮೇಲೆ ನನ್ನ ಕಿವಿಯ ಬಳಿ ಬಗ್ಗಿ ಕೇಳಿದ:

“ಹಾಗಾದರೆ ನಾಳೆಯಿಂದ ಕಡತ ಒಯ್ಯುವುದು ಬೇಡವೇ, ಸಾರ್?”